ಎದೆಯುರಿಯೆಲ್ಲ ಆಮ್ಲದ ಉರಿಯಲ್ಲ

ಎದೆಮೂಳೆಯ ಹಿಂದೆ ಏಳುವ ಉರಿಗೆ ಎದೆಯುರಿ ಎನ್ನುವುದುಂಟು. ಆದರೆ ದಿನದ ಮಾತಿನಲ್ಲಿ ಆ ಉರಿ, ಹುಳಿತೇಗು, ಹೊಟ್ಟೆಯುಬ್ಬರ ಎಲ್ಲವೂ ಸೇರಿ ‘ಗ್ಯಾಸ್ಟ್ರಿಕ್’ ಆಗಿಬಿಟ್ಟಿವೆ. ಹೆಸರು ಒಂದಾದ್ದರಿಂದ ಔಷಧಿಯೂ ಒಂದೇ ಆಗಿದೆ. ಉರಿ ಬಂದವರು ಮೆಡಿಕಲ್ ಶಾಪಿನಲ್ಲಿ ಆಮ್ಲ ತಗ್ಗಿಸುವ ಮಾತ್ರೆ ಕೊಂಡು ನುಂಗುತ್ತಾರೆ. ಬಹಳ ಜನರಿಗೆ ಅದು ಸರಿಹೋಗುತ್ತದೆ. ಸರಿಹೋಗದವರು ಮಾತ್ರೆ ಬದಲಿಸುತ್ತಾರೆ, ಆಮೇಲೆ ದಿನಕ್ಕೆ ಎರಡು ಮಾಡುತ್ತಾರೆ, ಕೊನೆಗೆ ಆಪರೇಷನ್ ಮಾಡಿಸಿಕೊಂಡರೆ ಹೇಗೆ ಎಂದು ಕೇಳುತ್ತಾರೆ. ಅವರಲ್ಲಿ ಒಂದು ಪಾಲು ಜನರ ಅನ್ನನಾಳಕ್ಕೆ ಆಮ್ಲ ಅಳತೆ ಮೀರಿ ಬರುತ್ತಲೇ ಇರುವುದಿಲ್ಲ. ಆದರೂ ಅವರ ಉರಿ ಸುಳ್ಳಲ್ಲ.

ಜಠರದಲ್ಲಿರುವ ಆಮ್ಲ ಮೇಲಕ್ಕೆ ಬಂದು ಅನ್ನನಾಳದ ಒಳಪದರವನ್ನು ಸುಡುವ ಕಾಯಿಲೆಯನ್ನು ವೈದ್ಯರು ಜಿಇಆರ್‌ಡಿ ಎನ್ನುತ್ತಾರೆ. ಅನ್ನನಾಳವೂ ಜಠರವೂ ಸೇರುವಲ್ಲಿ ಬಿಗಿಯುವ ಸ್ನಾಯುವಿನ ಉಂಗುರವೊಂದಿದೆ. ಅದು ತುತ್ತು ಇಳಿಯುವಾಗ ಸಡಿಲಗೊಂಡು, ಉಳಿದ ಹೊತ್ತು ಮುಚ್ಚಿಕೊಂಡಿರಬೇಕು. ಹೊತ್ತಲ್ಲದ ಹೊತ್ತಿನಲ್ಲಿ ಅದು ಸಡಿಲಗೊಂಡರೆ, ಅಥವಾ ಜಠರದ ಮೇಲ್ಭಾಗ ವಪೆಯ ರಂಧ್ರದ ಮೂಲಕ ಎದೆಗೂಡಿನೊಳಕ್ಕೆ ಜಾರಿದ್ದರೆ, ಆಮ್ಲ ಮೇಲೇರುತ್ತದೆ. ಸ್ವಲ್ಪ ಆಮ್ಲ ಎಲ್ಲರಲ್ಲೂ ಮೇಲೇರುತ್ತದೆ, ಊಟವಾದ ಮೇಲಂತೂ ಅದು ಸಹಜ. ಅದು ಎಷ್ಟು ಹೊತ್ತು ಅಲ್ಲಿ ನಿಲ್ಲುತ್ತದೆ ಎಂಬುದರ ಮೇಲೆ ಕಾಯಿಲೆಯೋ ಅಲ್ಲವೋ ತೀರ್ಮಾನವಾಗುತ್ತದೆ.

ಎರಡನೆಯದು ಫಂಕ್ಷನಲ್ ಹಾರ್ಟ್‌ಬರ್ನ್. ಇದರಲ್ಲೂ ಉರಿ ಅದೇ ಜಾಗದಲ್ಲಿ, ಅದೇ ಬಗೆಯಲ್ಲಿ ಬರುತ್ತದೆ. ಆದರೆ ಆಮ್ಲದ ಪ್ರಮಾಣ ಸಹಜವಾಗಿರುತ್ತದೆ, ಉರಿ ಬಂದ ಹೊತ್ತಿಗೂ ಆಮ್ಲ ಮೇಲೇರಿದ ಹೊತ್ತಿಗೂ ತಾಳೆಯಾಗುವುದಿಲ್ಲ, ಒಳಪದರದಲ್ಲಿ ಗಾಯವಿರುವುದಿಲ್ಲ, ಅನ್ನನಾಳದ ಚಲನೆಯಲ್ಲೂ ದೊಡ್ಡ ದೋಷ ಕಾಣುವುದಿಲ್ಲ. ತೊಂದರೆ ಇರುವುದು ಸಂವೇದನೆಯಲ್ಲಿ. ಅನ್ನನಾಳದಿಂದ ಮಿದುಳಿಗೆ ಸುದ್ದಿ ಒಯ್ಯುವ ನರಗಳೂ ಆ ಸುದ್ದಿಯನ್ನು ಓದುವ ಮಿದುಳೂ ವಿಪರೀತ ಸೂಕ್ಷ್ಮವಾಗಿರುತ್ತವೆ. ಅನ್ನನಾಳದೊಳಗೆ ಪುಟ್ಟ ಬಲೂನು ಇಳಿಸಿ ನಿಧಾನವಾಗಿ ಉಬ್ಬಿಸುವ ಪ್ರಯೋಗಗಳಲ್ಲಿ, ಉಳಿದವರಿಗೆ ಏನೂ ಅನಿಸದಷ್ಟು ಹಿಗ್ಗಿದಾಗಲೇ ಇಂಥವರಿಗೆ ನೋವು ಶುರುವಾಗುವುದು ಕಂಡಿದೆ. ನಿದ್ದೆಗೆಟ್ಟಾಗ, ಆತಂಕ ಹೆಚ್ಚಿದಾಗ ಈ ಸೂಕ್ಷ್ಮತೆ ಇನ್ನಷ್ಟು ಏರುತ್ತದೆ. ‘ನಿಮಗೇನೂ ಇಲ್ಲ, ಎಲ್ಲ ಮನಸ್ಸಿನದು’ ಎಂದು ಇಂಥವರನ್ನು ಕಳಿಸಿಬಿಡುವುದು ವೈದ್ಯಕೀಯವಾಗಿ ತಪ್ಪು, ರೋಗಿಗೆ ಮಾಡುವ ಅನ್ಯಾಯವೂ ಹೌದು.

ಎರಡನ್ನೂ ಬೇರ್ಪಡಿಸುವುದಕ್ಕೆ ರೋಗಿಯ ಮಾತು ಮಾತ್ರ ಸಾಲದು, ಯಾಕೆಂದರೆ ಇಬ್ಬರೂ ಹೇಳುವುದು ಒಂದೇ. ಬಗ್ಗಿದಾಗ ಅಥವಾ ಮಲಗಿದಾಗ ಹುಳಿ ಬಾಯಿಗೆ ಬರುತ್ತದೆ ಎಂದರೆ ಜಿಇಆರ್‌ಡಿ ಇರುವ ಸಾಧ್ಯತೆ ಹೆಚ್ಚು, ಅಷ್ಟೆ, ಅದು ಖಚಿತವಲ್ಲ. ಮಾತ್ರೆ ಕೊಟ್ಟು ನೋಡೋಣ, ಕಡಿಮೆಯಾದರೆ ಆಮ್ಲದ್ದೇ ಎಂಬ ರೂಢಿಯ ಲೆಕ್ಕವೂ ಅರ್ಧ ಮಾತ್ರ ನಿಜ. ಆಮ್ಲದ ತೊಂದರೆ ಇಲ್ಲದವರಿಗೂ ಕೆಲವು ವಾರ ಮಾತ್ರೆಯಿಂದ ಹಗುರವೆನಿಸುವುದುಂಟು. ನಿಜವಾದ ಜಿಇಆರ್‌ಡಿ ಇದ್ದವರಿಗೆ ಮಾತ್ರೆ ಕೆಲಸ ಮಾಡದೆ ಹೋಗುವುದೂ ಉಂಟು.

ಎಂಡೋಸ್ಕೋಪಿ ಕೂಡ ಎಲ್ಲರ ವಿಷಯದಲ್ಲಿ ಕೊನೆಯ ಮಾತಲ್ಲ. ಒಳಪದರದಲ್ಲಿ ಆಮ್ಲ ಕೊರೆದ ಗಾಯ ಕಂಡರೆ ಅದನ್ನು ಲಾಸ್ ಏಂಜಲೀಸ್ ಎಂಬ ಅಳತೆಯಲ್ಲಿ ಎ, ಬಿ, ಸಿ, ಡಿ ಎಂದು ವಿಂಗಡಿಸುತ್ತಾರೆ. ಬಿ ಮತ್ತು ಅದಕ್ಕಿಂತ ಮೇಲಿನ ಗಾಯವಿದ್ದರೆ ಜಿಇಆರ್‌ಡಿ ಖಚಿತ. ಎ ದರ್ಜೆಯ ಚಿಕ್ಕ ಗೀರು ಆರೋಗ್ಯವಂತರಲ್ಲೂ ಕಾಣುವುದರಿಂದ ಅದೊಂದನ್ನೇ ನಂಬುವಂತಿಲ್ಲ. ಆದರೆ ಎದೆಯುರಿ ಎಂದು ಬರುವವರಲ್ಲಿ ಹೆಚ್ಚಿನವರ ಎಂಡೋಸ್ಕೋಪಿಯಲ್ಲಿ ಗಾಯವೇ ಇರುವುದಿಲ್ಲ. ಅದರಲ್ಲೂ ತಿಂಗಳುಗಟ್ಟಲೆ ಮಾತ್ರೆ ನುಂಗುತ್ತಲೇ ಎಂಡೋಸ್ಕೋಪಿ ಮಾಡಿಸಿಕೊಂಡರೆ, ಇದ್ದ ಗಾಯವೂ ಮಾಯ್ದಿರುತ್ತದೆ. ಹಾಗಾಗಿ ‘ನಾರ್ಮಲ್’ ಎಂಬ ವರದಿಯ ಹಿಂದೆ ಜಿಇಆರ್‌ಡಿಯೂ ಇರಬಹುದು, ಫಂಕ್ಷನಲ್ ಹಾರ್ಟ್‌ಬರ್ನ್ ಕೂಡ ಇರಬಹುದು. ಎಂಡೋಸ್ಕೋಪಿಯ ವೇಳೆ ಅನ್ನನಾಳದಿಂದ ಚೂರು ತೆಗೆದು ಪರೀಕ್ಷಿಸಿದರೆ, ಅಲರ್ಜಿಯ ಜಾತಿಗೆ ಸೇರಿದ ಇಯೋಸಿನೋಫಿಲಿಕ್ ಈಸೊಫಜೈಟಿಸ್ ಎಂಬ ಮತ್ತೊಂದು ಕಾಯಿಲೆ ಇದೆಯೋ ಇಲ್ಲವೋ ಗೊತ್ತಾಗುತ್ತದೆ.

ಇಲ್ಲಿಂದ ಮುಂದಿನ ದಾರಿಯನ್ನು ಒಬ್ಬ ರೋಗಿಯ ಉದಾಹರಣೆಯಲ್ಲಿ ನೋಡುವುದು ಸುಲಭ. ನಲವತ್ತನಾಲ್ಕು ವರ್ಷದ ಶಿಕ್ಷಕಿಯೊಬ್ಬರಿಗೆ ಎರಡು ವರ್ಷದಿಂದ ವಾರಕ್ಕೆ ನಾಲ್ಕೈದು ದಿನ ಎದೆಯುರಿ ಎಂದಿಟ್ಟುಕೊಳ್ಳೋಣ. ಮೊದಲು ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಂ ದಿನಕ್ಕೊಂದು, ಈಗ ಎರಡು. ನುಂಗಲು ಕಷ್ಟವಿಲ್ಲ, ತೂಕ ಇಳಿದಿಲ್ಲ, ರಕ್ತಹೀನತೆ ಇಲ್ಲ, ಮಲ ಕಪ್ಪಾಗಿಲ್ಲ. ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ಎಂಡೋಸ್ಕೋಪಿ ಆಗಬೇಕಿತ್ತು. ಇಸಿಜಿ ಸರಿಯಿದೆ, ಎದೆಯಲ್ಲಿನ ಉರಿ ಯಾವುದೇ ಆಗಲಿ, ಮೊದಲು ಹೃದಯದ್ದಲ್ಲ ಎಂದು ಖಾತ್ರಿ ಮಾಡಿಕೊಳ್ಳದೆ ಮುಂದೆ ಹೋಗುವಂತಿಲ್ಲ. ಎಂಡೋಸ್ಕೋಪಿ ನಾರ್ಮಲ್, ತೆಗೆದ ಚೂರುಗಳೂ ನಾರ್ಮಲ್.

ಆಗ ವೈದ್ಯರು ಕೇಳಬೇಕಾದ ಮೊದಲ ಪ್ರಶ್ನೆ ಬಹಳ ಸಣ್ಣದು: ಮಾತ್ರೆ ನುಂಗುವುದು ಯಾವಾಗ? ಶಿಕ್ಷಕಿ ತಿಂಡಿಯಾದ ಮೇಲೆ, ಶಾಲೆಗೆ ಹೊರಡುವ ಗಡಿಬಿಡಿಯಲ್ಲಿ ನುಂಗುತ್ತಿದ್ದರು. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್ ಇವೆಲ್ಲ ಪಿಪಿಐ ಗುಂಪಿನ ಮಾತ್ರೆಗಳು. ಆಮ್ಲ ಸುರಿಸುವ ಪಂಪುಗಳು ಊಟಕ್ಕೆ ಎಚ್ಚರಗೊಂಡು ಕೆಲಸ ಶುರುಮಾಡಿದಾಗ ಮಾತ್ರ ಇವು ಅವುಗಳನ್ನು ಹಿಡಿದು ನಿಲ್ಲಿಸಬಲ್ಲವು, ಮತ್ತು ರಕ್ತದಲ್ಲಿ ಇವು ಉಳಿಯುವುದು ಒಂದೆರಡು ಗಂಟೆ ಅಷ್ಟೆ. ಅದಕ್ಕೇ ಊಟಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ನುಂಗಬೇಕು. ಹೊತ್ತು ತಪ್ಪಿದರೆ ಮಾತ್ರೆಯ ಪರಿಣಾಮ ಕುಗ್ಗುತ್ತದೆ. ಅಮೆರಿಕದಲ್ಲಿ ನಿವೃತ್ತ ಸೈನಿಕರ ಆಸ್ಪತ್ರೆಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಒಂದು ಅಧ್ಯಯನ ಈ ಮಾತಿಗೆ ಒಳ್ಳೆಯ ಆಧಾರ. ಸ್ಟುವರ್ಟ್ ಸ್ಪೆಕ್ಲರ್ ಮತ್ತು ಸಂಗಡಿಗರು ಮಾತ್ರೆಗೆ ಬಗ್ಗದ ಎದೆಯುರಿ ಎಂದು ಕಳಿಸಲ್ಪಟ್ಟ 366 ಜನರನ್ನು ತೆಗೆದುಕೊಂಡು, ಮೊದಲು ಎರಡು ವಾರ ಒಮೆಪ್ರಜೋಲ್ 20 ಮಿಲಿಗ್ರಾಂ ಮಾತ್ರೆಯನ್ನು ದಿನಕ್ಕೆ ಎರಡು ಸಲ, ಊಟಕ್ಕೆ ಮುಂಚೆ, ಶಿಸ್ತಾಗಿ ಕೊಟ್ಟರು. ಅಷ್ಟರಿಂದಲೇ 42 ಜನರಿಗೆ ಉಪಶಮನವಾಯಿತು.

ಶಿಕ್ಷಕಿಗೆ ಹೊತ್ತು ಸರಿಪಡಿಸಿದರೂ ಎರಡು ತಿಂಗಳಲ್ಲಿ ಉರಿ ತಗ್ಗಲಿಲ್ಲ. ಈಗ ಅಳೆಯುವ ಸಮಯ. ಮೊದಲು ಮ್ಯಾನೊಮೆಟ್ರಿ: ಮೂಗಿನಿಂದ ತೆಳುವಾದ ನಳಿಗೆ ಇಳಿಸಿ, ಗುಟುಕು ನೀರು ಕುಡಿಸಿ, ಅನ್ನನಾಳ ಹಿಂಡುವ ಒತ್ತಡವನ್ನು ಅಳೆಯುತ್ತಾರೆ. ಸ್ನಾಯುವಿನ ಉಂಗುರ ತೆರೆದುಕೊಳ್ಳದ ಅಕಲೇಸಿಯಾ ಎಂಬ ಕಾಯಿಲೆಯಲ್ಲೂ ತಿಂದದ್ದು ಅಲ್ಲೇ ನಿಂತು ಎದೆಯುರಿಯಂತೆಯೇ ಕಾಡುವುದುಂಟು. ಅದನ್ನು ಜಿಇಆರ್‌ಡಿ ಎಂದು ತಿಳಿದು ಆಪರೇಷನ್ ಮಾಡಿದರೆ ಅನಾಹುತ. ಉಂಗುರ ಎಲ್ಲಿದೆ ಎಂಬುದೂ ಇದರಿಂದ ಗೊತ್ತಾಗುತ್ತದೆ.

ಮುಂದಿನದು 24 ಗಂಟೆಯ ಪಿಎಚ್-ಇಂಪೀಡೆನ್ಸ್ ಪರೀಕ್ಷೆ. ಇದುವರೆಗೆ ಜಿಇಆರ್‌ಡಿ ಸಾಬೀತಾಗದವರು ಇದಕ್ಕೆ ಏಳು ದಿನ ಮೊದಲೇ ಪಿಪಿಐ ನಿಲ್ಲಿಸಬೇಕು. ಇಲ್ಲವಾದರೆ ಅಳೆಯುವುದು ಕಾಯಿಲೆಯನ್ನಲ್ಲ, ಮಾತ್ರೆಯನ್ನು. ನಡುವೆ ಉರಿ ತಡೆಯಲಾಗದಿದ್ದರೆ ಆಂಟಾಸಿಡ್ ಸಿರಪ್ ಕುಡಿಯಬಹುದು. ಬಳಪದ ಕಡ್ಡಿಗಿಂತ ತೆಳುವಾದ ನಳಿಗೆಯೊಂದನ್ನು ಮೂಗಿನಿಂದ ಇಳಿಸಿ, ಆಮ್ಲ ಅಳೆಯುವ ಸೆನ್ಸರ್ ಉಂಗುರಕ್ಕಿಂತ ಐದು ಸೆಂಟಿಮೀಟರ್ ಮೇಲೆ ಬರುವಂತೆ ನಿಲ್ಲಿಸಿ, ಕೆನ್ನೆಗೆ ಅಂಟಿಸುತ್ತಾರೆ. ಸೊಂಟದಲ್ಲಿ ಪುಟ್ಟ ಪೆಟ್ಟಿಗೆ. ಉರಿ ಬಂದಾಗಲೆಲ್ಲ ಅದರ ಗುಂಡಿ ಒತ್ತಬೇಕು. ಊಟದ ಹೊತ್ತು, ಮಲಗಿದ ಹೊತ್ತು ಬರೆದಿಡಬೇಕು. ಇಂಪೀಡೆನ್ಸ್ ಎಂಬ ಭಾಗ ವಿದ್ಯುತ್ತಿನ ತಡೆಯನ್ನು ಅಳೆದು, ಆಮ್ಲವಿಲ್ಲದ ದ್ರವವೋ ಗಾಳಿಯೋ ಮೇಲೇರಿದರೂ ಗುರುತು ಹಿಡಿಯುತ್ತದೆ. ಪರೀಕ್ಷೆ ಕೆಡುವುದು ಹೆಚ್ಚಾಗಿ ರೋಗಿಯ ಒಳ್ಳೆಯ ಉದ್ದೇಶದಿಂದಲೇ: ಮೂಗಲ್ಲಿ ನಳಿಗೆ ಇದೆಯೆಂದು ಗಂಜಿ ಕುಡಿದು ದಿನವಿಡೀ ಮಲಗಿಬಿಡುತ್ತಾರೆ. ಆ ದಿನ ಎಂದಿನ ಸಾರು, ಎಂದಿನ ಕಾಫಿ, ಎಂದಿನ ಓಡಾಟ ಇರಬೇಕು. ಉರಿ ತರಿಸುವ ದಿನಚರಿಯಲ್ಲೇ ಉರಿಯ ಕಾರಣ ಸಿಗುವುದು.

ಶಿಕ್ಷಕಿಯ ನಳಿಗೆ 23 ಗಂಟೆ, ಅಂದರೆ 1380 ನಿಮಿಷ ದಾಖಲಿಸಿತು ಎನ್ನೋಣ. ಪಿಎಚ್ ನಾಲ್ಕಕ್ಕಿಂತ ಕೆಳಗಿಳಿದ ಹೊತ್ತನ್ನೆಲ್ಲ ಕೂಡಿಸಿದರೆ 22 ನಿಮಿಷ. ಅದು ಒಟ್ಟು ಹೊತ್ತಿನ ಶೇ. 1.6. ಜಿಇಆರ್‌ಡಿ ಪರೀಕ್ಷೆಗಳನ್ನು ಓದುವುದಕ್ಕೆ ತಜ್ಞರು ಒಪ್ಪಿಕೊಂಡಿರುವ ಲಿಯಾನ್ ಒಮ್ಮತದ ಪ್ರಕಾರ ಈ ಪಾಲು ಶೇ. 6 ದಾಟಿದರೆ ಜಿಇಆರ್‌ಡಿ, ಶೇ. 4ಕ್ಕಿಂತ ಕಡಿಮೆಯಿದ್ದರೆ ಸಹಜ, ನಡುವಿನದು ಸಂದೇಹದ ವಲಯ. ದಿನದ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 86 ನಿಮಿಷ ಮೀರಿದರೆ ಕಾಯಿಲೆ, 58 ನಿಮಿಷದೊಳಗಿದ್ದರೆ ಅಲ್ಲ. ಶಿಕ್ಷಕಿಯ ಆಮ್ಲ ಸಹಜ.

ಅಷ್ಟಕ್ಕೇ ಮುಗಿಯಲಿಲ್ಲ, ಆ ದಿನ ಅವರು 14 ಸಲ ಗುಂಡಿ ಒತ್ತಿದ್ದರು. ಪ್ರತಿ ಒತ್ತಿಗೂ ಹಿಂದಿನ ಎರಡು ನಿಮಿಷಗಳಲ್ಲಿ ಏನಾದರೂ ಮೇಲೇರಿತ್ತೇ ಎಂದು ವೈದ್ಯರು ರೇಖೆಗಳನ್ನು ಓದುತ್ತಾರೆ. 14ರಲ್ಲಿ ಎರಡು ಸಲ ಮಾತ್ರ ಏರಿತ್ತು. ಅಂದರೆ ಶೇ. 14, ಅರ್ಧಕ್ಕಿಂತ ಹೆಚ್ಚು ತಾಳೆಯಾದರೆ ಮಾತ್ರ ನಂಟು ಇದೆ ಎನ್ನುತ್ತಾರೆ, ಅದರ ಜೊತೆಗೆ ಆ ತಾಳೆ ಕಾಕತಾಳೀಯವಲ್ಲ ಎಂದು ಸಂಖ್ಯಾಶಾಸ್ತ್ರದ ಲೆಕ್ಕವನ್ನೂ ಹಾಕುತ್ತಾರೆ. ಉಳಿದ 12 ಸಲದ ಉರಿ ಏನೂ ಮೇಲೇರದ ಹೊತ್ತಿನಲ್ಲಿ ಬಂದಿತ್ತು. ಇದು ಫಂಕ್ಷನಲ್ ಹಾರ್ಟ್‌ಬರ್ನ್. ಆಮ್ಲದ ಒಟ್ಟು ಹೊತ್ತು ಸಹಜವಾಗಿದ್ದೂ 14ರಲ್ಲಿ 10 ಸಲ ತಾಳೆಯಾಗಿದ್ದರೆ ಹೆಸರು ಬೇರೆಯಾಗುತ್ತಿತ್ತು: ಸಹಜ ಪ್ರಮಾಣದ ರಿಫ್ಲಕ್ಸ್ ಕೂಡ ಉರಿಯಾಗಿ ತಟ್ಟುವ ಆ ಸ್ಥಿತಿಗೆ ರಿಫ್ಲಕ್ಸ್ ಹೈಪರ್‌ಸೆನ್ಸಿಟಿವಿಟಿ ಎನ್ನುತ್ತಾರೆ. ಅಂಥವರಲ್ಲಿ ಕೆಲವರಿಗೆ ಆಮ್ಲ ತಗ್ಗಿಸಿದರೆ ಅನುಕೂಲವಾಗುತ್ತದೆ. 2016ರ ರೋಮ್ 4 ಮಾನದಂಡಗಳು ಈ ಎರಡನ್ನೂ ಬೇರೆ ಬೇರೆಯಾಗಿಯೇ ಪಟ್ಟಿ ಮಾಡಿವೆ, ಮತ್ತು ಫಂಕ್ಷನಲ್ ಹಾರ್ಟ್‌ಬರ್ನ್ ಎನ್ನಬೇಕಾದರೆ ತೊಂದರೆ ಆರು ತಿಂಗಳ ಹಿಂದೆಯೇ ಶುರುವಾಗಿರಬೇಕು, ಕಳೆದ ಮೂರು ತಿಂಗಳಲ್ಲಿ ವಾರಕ್ಕೆ ಎರಡು ಸಲವಾದರೂ ಬಂದಿರಬೇಕು ಎನ್ನುತ್ತವೆ.

ಅದೇ ವಾರ ಅದೇ ಪರೀಕ್ಷೆಗೆ ಬಂದ ಬಸ್ ಚಾಲಕರೊಬ್ಬರ ದಾಖಲೆಯಲ್ಲಿ 1380 ನಿಮಿಷಗಳಲ್ಲಿ 130 ನಿಮಿಷ ಆಮ್ಲವಿದೆ ಎಂದುಕೊಳ್ಳೋಣ. ಅದು ಶೇ. 9.4. ಅದರಲ್ಲಿ ಬಹುಪಾಲು ರಾತ್ರಿ ಹನ್ನೊಂದಕ್ಕೆ ಉಂಡು ಮಲಗಿದ ಮೇಲಿನದು. ಅವರ ಎಂಡೋಸ್ಕೋಪಿಯೂ ನಾರ್ಮಲ್ ಆಗಿತ್ತು, ಅವರೂ ‘ಮಾತ್ರೆ ಕೆಲಸ ಮಾಡುತ್ತಿಲ್ಲ’ ಎಂದೇ ಹೇಳಿದ್ದರು. ಎರಡು ಕಡತಗಳೂ ಪರೀಕ್ಷೆಗೆ ಮುಂಚೆ ಒಂದೇ ಥರ ಇದ್ದವು. ಇಲ್ಲಿಂದ ಚಿಕಿತ್ಸೆಯ ದಾರಿ ಬೇರೆ.

ಚಾಲಕರಿಗೆ ಆಮ್ಲವನ್ನು ತಗ್ಗಿಸುವುದೂ ತಡೆಯುವುದೂ ಎರಡೂ ಬೇಕು. ಪಿಪಿಐ ಸರಿಯಾದ ಹೊತ್ತಿಗೆ ಎಂಟು ವಾರ, ಆಮೇಲೆ ಉರಿಯನ್ನು ಹತೋಟಿಯಲ್ಲಿಡುವ ಅತಿ ಕಡಿಮೆ ಪ್ರಮಾಣ. ಊಟಕ್ಕೂ ಮಲಗುವುದಕ್ಕೂ ನಡುವೆ ಮೂರು ಗಂಟೆ, ಹೊಟ್ಟೆಯ ಬೊಜ್ಜು ಇದ್ದರೆ ಇಳಿಸುವುದು, ಎಡಮಗ್ಗುಲಲ್ಲಿ ಮಲಗುವುದು. ಮಂಚದ ತಲೆಯ ಕಡೆಯ ಕಾಲುಗಳ ಕೆಳಗೆ ಇಟ್ಟಿಗೆ ಕೊಟ್ಟು 15ರಿಂದ 20 ಸೆಂಟಿಮೀಟರ್ ಎತ್ತರಿಸಬೇಕು. ದಿಂಬಿನ ಮೇಲೆ ದಿಂಬು ಹಾಕಿದರೆ ಕತ್ತು, ಸೊಂಟ ಬಗ್ಗಿ ಹೊಟ್ಟೆಯ ಒತ್ತಡ ಹೆಚ್ಚುತ್ತದೆಯೇ ಹೊರತು ಆಮ್ಲ ಇಳಿಯುವುದಿಲ್ಲ. ಸಿ ಅಥವಾ ಡಿ ದರ್ಜೆಯ ಗಾಯವಿದ್ದವರು ಮಾತ್ರೆಯನ್ನು ದೀರ್ಘಕಾಲ ಬಿಡುವಂತಿಲ್ಲ. ಇಷ್ಟಾದರೂ ಆಮ್ಲ ನಿಲ್ಲದಿದ್ದರೆ ಜಠರದ ಮೇಲ್ಭಾಗವನ್ನು ಅನ್ನನಾಳದ ತುದಿಗೆ ಸುತ್ತಿ ಹೊಲಿಯುವ ಫಂಡೊಪ್ಲಿಕೇಶನ್ ಎಂಬ ಆಪರೇಷನ್ ಇದೆ.

ಆಪರೇಷನ್ ಯಾರಿಗೆ ಎಂಬುದಕ್ಕೆ ಅದೇ 2019ರ ಅಧ್ಯಯನದಲ್ಲಿ ಕಣ್ಣು ತೆರೆಸುವ ಉತ್ತರವಿದೆ. 366 ಜನರನ್ನು ಎಂಡೋಸ್ಕೋಪಿ, ಮ್ಯಾನೊಮೆಟ್ರಿ, ಇಂಪೀಡೆನ್ಸ್‌ಗಳಲ್ಲಿ ಸೋಸಿದಾಗ 99 ಜನರದು ಫಂಕ್ಷನಲ್ ಹಾರ್ಟ್‌ಬರ್ನ್ ಎಂದು ತಿಳಿಯಿತು. ಇನ್ನೂ 23 ಜನರಿಗೆ ಅನ್ನನಾಳದ ಬೇರೆ ಕಾಯಿಲೆಗಳಿದ್ದವು. ಬೇರೆ ಕಾರಣಗಳಿಂದ ಹೊರಬಿದ್ದವರನ್ನೂ ಕಳೆದ ಮೇಲೆ, ಉರಿ ನಿಜಕ್ಕೂ ರಿಫ್ಲಕ್ಸ್‌ನಿಂದಲೇ ಬರುತ್ತಿದೆ ಎಂದು ಖಚಿತವಾಗಿ ಉಳಿದವರು 78 ಜನ ಮಾತ್ರ. ಇವರನ್ನು ಮೂರು ಗುಂಪು ಮಾಡಿ ಒಂದು ವರ್ಷ ನೋಡಿದರು. ಆಪರೇಷನ್ ಗುಂಪಿನ 27 ಜನರಲ್ಲಿ 18 ಜನರಿಗೆ ತೊಂದರೆ ಅರ್ಧದಷ್ಟಾದರೂ ತಗ್ಗಿತು. ಒಮೆಪ್ರಜೋಲ್ ಜೊತೆ ಬ್ಯಾಕ್ಲೊಫೆನ್, ಬೇಕಾದವರಿಗೆ ಡೆಸಿಪ್ರಮೀನ್ ಕೊಟ್ಟ 25 ಜನರಲ್ಲಿ ಏಳು ಜನರಿಗೆ ತಗ್ಗಿತು. ಒಮೆಪ್ರಜೋಲ್ ಜೊತೆ ಹುಸಿಮಾತ್ರೆ ಪಡೆದ 26 ಜನರಲ್ಲಿ ಮೂವರಿಗೆ. ಆಪರೇಷನ್ ಗೆದ್ದದ್ದು ಸೋಸಿ ಉಳಿದ ಆ 78 ಜನರ ನಡುವೆ ಎಂಬುದನ್ನು ಮರೆಯಬಾರದು. ಸೋಸದೆ 366 ಜನರನ್ನೂ ಮೇಜಿನ ಮೇಲೆ ಮಲಗಿಸಿದ್ದರೆ, ಆಮ್ಲವೇ ಕಾರಣವಲ್ಲದ ನೂರಕ್ಕೂ ಹೆಚ್ಚು ಜನ ಹೊಟ್ಟೆಯುಬ್ಬರ, ನುಂಗುವ ಕಷ್ಟ ಮೊದಲಾದ ಆಪರೇಷನ್‌ನ ಅಡ್ಡಪರಿಣಾಮಗಳನ್ನು ಹೊತ್ತುಕೊಂಡು, ಹಳೆಯ ಉರಿಯನ್ನೂ ಉಳಿಸಿಕೊಂಡು ಮನೆಗೆ ಹೋಗುತ್ತಿದ್ದರು.

ಶಿಕ್ಷಕಿಯ ವಿಷಯದಲ್ಲಿ ಮೊದಲ ಕೆಲಸ ಪಿಪಿಐ ಬಿಡಿಸುವುದು. ಇದು ಅಂದುಕೊಂಡಷ್ಟು ಸುಲಭವಲ್ಲ. ಆಮ್ಲವನ್ನು ಬಹುಕಾಲ ಅದುಮಿಟ್ಟರೆ ಅದನ್ನು ಸುರಿಸು ಎಂದು ಹೇಳುವ ಗ್ಯಾಸ್ಟ್ರಿನ್ ಎಂಬ ಹಾರ್ಮೋನು ರಕ್ತದಲ್ಲಿ ಏರುತ್ತದೆ. ಮಾತ್ರೆ ನಿಂತ ಮೇಲೆ ಕೆಲವು ವಾರ ಆಮ್ಲ ಮೊದಲಿಗಿಂತ ಹೆಚ್ಚಾಗಿ ಸುರಿಯುತ್ತದೆ. ಎದೆಯುರಿಯೇ ಇಲ್ಲದ 120 ಆರೋಗ್ಯವಂತರ ಮೇಲೆ ನಡೆದ ಒಂದು ಪ್ರಯೋಗದಲ್ಲಿ, ಎಂಟು ವಾರ ಎಸೊಮೆಪ್ರಜೋಲ್ ನುಂಗಿ ನಿಲ್ಲಿಸಿದವರಲ್ಲಿ ಶೇ. 44ರಷ್ಟು ಜನರಿಗೆ ನಂತರದ ವಾರಗಳಲ್ಲಿ ಎದೆಯುರಿ, ಹುಳಿತೇಗು, ಅಜೀರ್ಣದಂಥ ತೊಂದರೆ ಕಾಣಿಸಿತು. ಹುಸಿಮಾತ್ರೆ ನುಂಗಿದವರಲ್ಲಿ ಶೇ. 15. ಕಾಯಿಲೆಯೇ ಇಲ್ಲದವರಿಗೆ ಮಾತ್ರೆ ಬಿಟ್ಟಾಗ ಉರಿ ಹುಟ್ಟಿತು ಎಂದಾಯಿತು. ‘ಮಾತ್ರೆ ಬಿಟ್ಟರೆ ಉರಿ ಬರುತ್ತದೆ, ಹಾಗಾಗಿ ನನಗೆ ಅದು ಬೇಕೇ ಬೇಕು’ ಎಂಬ ಎಷ್ಟೋ ಜನರ ನಂಬಿಕೆಯ ಬೇರು ಇಲ್ಲಿದೆ. ಇದನ್ನು ಮೊದಲೇ ಹೇಳಿ, ದಿನಕ್ಕೆ ಎರಡಿದ್ದದ್ದನ್ನು ಒಂದಕ್ಕೆ, ಆಮೇಲೆ ದಿನ ಬಿಟ್ಟು ದಿನಕ್ಕೆ ಇಳಿಸಿ, ಬೇಕಾದಾಗ ಆಂಟಾಸಿಡ್ ಕೊಟ್ಟು ದಾಟಿಸುವುದು ಒಂದು ಕ್ರಮ.

ಆಮೇಲೆ ನರಗಳ ಸೂಕ್ಷ್ಮತೆಗೆ ಚಿಕಿತ್ಸೆ. ಅಮಿಟ್ರಿಪ್ಟಿಲೀನ್ ಎಂಬ ಮಾತ್ರೆಯನ್ನು ರಾತ್ರಿ ಮಲಗುವ ಮುನ್ನ 10 ಮಿಲಿಗ್ರಾಂನಿಂದ ಶುರುಮಾಡಿ, ಬೇಕಿದ್ದರೆ ನಿಧಾನವಾಗಿ 25ಕ್ಕೆ, ಕೆಲವೊಮ್ಮೆ ಅದಕ್ಕೂ ಮೇಲೆ ಏರಿಸುತ್ತಾರೆ. ಚೀಟಿ ಹಿಡಿದು ಮನೆಗೆ ಹೋದ ರೋಗಿ ಅದರ ಹೆಸರನ್ನು ಮೊಬೈಲಿನಲ್ಲಿ ಹುಡುಕಿ, ಖಿನ್ನತೆಯ ಮಾತ್ರೆಯೆಂದು ಓದಿ ಬಿಟ್ಟುಬಿಡುವುದು ಸಾಮಾನ್ಯ. ಖಿನ್ನತೆಗೆ ಇದನ್ನು ಕೊಡುವ ಪ್ರಮಾಣ ಇದರ ಹಲವು ಪಟ್ಟು. ಈ ಸಣ್ಣ ಪ್ರಮಾಣದಲ್ಲಿ ಅದು ನೋವಿನ ಸುದ್ದಿ ಸಾಗುವ ದಾರಿಯನ್ನು ಶಾಂತಗೊಳಿಸುವ ಕೆಲಸಕ್ಕೆ ಬರುತ್ತದೆ ಎಂದು ವೈದ್ಯರು ಎರಡು ನಿಮಿಷ ಕೂತು ಹೇಳಿದರೆ ಚೀಟಿ ವ್ಯರ್ಥವಾಗುವುದಿಲ್ಲ. ಬಾಯಿ ಒಣಗುವುದು, ಮಂಪರು, ಮಲಬದ್ಧತೆ ಇದರ ಸಾಮಾನ್ಯ ಅಡ್ಡಪರಿಣಾಮಗಳು. ಹೃದಯ ಬಡಿತದ ತೊಂದರೆ, ಗ್ಲಾಕೋಮಾ, ಮೂತ್ರ ಕಟ್ಟುವ ತೊಂದರೆ ಇದ್ದವರಿಗೆ ಎಚ್ಚರ ಬೇಕು. ಫಲ ಗೊತ್ತಾಗುವುದಕ್ಕೆ ಕೆಲವು ವಾರ ಹಿಡಿಯುತ್ತದೆ. ಈ ಔಷಧಿಗಳ ಮೇಲಿನ ಪ್ರಯೋಗಗಳು ಚಿಕ್ಕವು, ಫಲಿತಾಂಶಗಳೂ ಒಂದೇ ದಿಕ್ಕಿನಲ್ಲಿಲ್ಲ. ಎಲ್ಲರಿಗೂ ಗುಣವಾಗುತ್ತದೆ ಎಂದು ಭರವಸೆ ಕೊಡುವಂತಿಲ್ಲ. ಹೊಟ್ಟೆಯಿಂದ ಆಳವಾಗಿ ಉಸಿರಾಡುವ ಅಭ್ಯಾಸ, ಯೋಚನೆಯ ಕ್ರಮವನ್ನು ತಿದ್ದುವ ಸಿಬಿಟಿ ಎಂಬ ಆಪ್ತಸಮಾಲೋಚನೆ, ತರಬೇತಿ ಪಡೆದವರು ಮಾಡುವ ಹಿಪ್ನೋಥೆರಪಿ ಇವುಗಳಿಂದಲೂ ಕೆಲವರಿಗೆ ಉರಿ ತಗ್ಗಿದೆ. ಆಪರೇಷನ್ ಮಾತ್ರ ಇಲ್ಲಿ ಬರಲೇಬಾರದು.

ಪರೀಕ್ಷೆಗೂ ಮಿತಿಗಳಿವೆ. ಆಮ್ಲ ದಿನದಿಂದ ದಿನಕ್ಕೆ ಏರಿಳಿಯುವುದರಿಂದ ಒಂದೇ ದಿನದ ಅಳತೆ ದಾರಿ ತಪ್ಪಿಸಬಹುದು. ಶೇ. 4 ಮತ್ತು 6ರ ನಡುವೆ ಸಿಕ್ಕವರಿಗೆ, ಅನ್ನನಾಳದ ಗೋಡೆಗೆ ಪುಟ್ಟ ಕ್ಯಾಪ್ಸೂಲ್ ಕಚ್ಚಿಸಿ ವೈರಿಲ್ಲದೆ 96 ಗಂಟೆ ಅಳೆಯುವ ವಿಧಾನ ಸಿಗುವ ಕಡೆ ಹೆಚ್ಚು ನೆರವಾಗುತ್ತದೆ. ನಾಲ್ಕೂ ದಿನ ಶೇ. 4ಕ್ಕಿಂತ ಕೆಳಗಿದ್ದರೆ ಜಿಇಆರ್‌ಡಿ ಅಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಎರಡೂ ಒಬ್ಬರಲ್ಲೇ ಇರುವುದೂ ಉಂಟು. ಬಿ ದರ್ಜೆಯ ಗಾಯವಿದ್ದು ಮಾತ್ರೆಯಿಂದ ಮಾಯ್ದಿದೆ, ಆದರೂ ಉರಿ ಹೋಗಿಲ್ಲ ಎನ್ನುವವರು ಈ ಗುಂಪಿಗೆ ಸೇರಿರಬಹುದು. ಇವರ ವಿಷಯದಲ್ಲಿ ಪರೀಕ್ಷೆಯ ನಿಯಮ ತಿರುಗುಮುರುಗಾಗುತ್ತದೆ: ಜಿಇಆರ್‌ಡಿ ಮೊದಲೇ ಸಾಬೀತಾಗಿರುವುದರಿಂದ ಮಾತ್ರೆ ನಿಲ್ಲಿಸದೆ, ದಿನಕ್ಕೆ ಎರಡು ಪಿಪಿಐ ನುಂಗುತ್ತಿರುವಾಗಲೇ ನಳಿಗೆ ಇಳಿಸುತ್ತಾರೆ. ಆಗಲೂ ಆಮ್ಲ ಏರುತ್ತಿದ್ದರೆ ಚಿಕಿತ್ಸೆ ಸಾಲದು ಎಂದರ್ಥ. ಆಮ್ಲ ಪೂರ್ತಿ ಹತೋಟಿಯಲ್ಲಿದ್ದೂ ಗುಂಡಿ ಒತ್ತುವುದು ನಿಂತಿಲ್ಲವೆಂದರೆ, ಗಾಯ ಮರಳದಂತೆ ಪಿಪಿಐಯನ್ನು ಮುಂದುವರಿಸಿ, ಅದರ ಪ್ರಮಾಣ ಏರಿಸದೆ, ಪಕ್ಕದಲ್ಲಿ 10 ಮಿಲಿಗ್ರಾಂ ಅಮಿಟ್ರಿಪ್ಟಿಲೀನ್ ಸೇರಿಸುವುದು ಸರಿಯಾದ ಹೆಜ್ಜೆ.